ಪದ ಬೇಕು, ಅವಸರ: ಕ್ರಿಯಾಪದಗಳು ಸಾಲಾಗಿ ನಿಲ್ಲುವ ವಾಕ್ಯರಚನೆಗೆ ಏನೆನ್ನಬೇಕು?

ಅನುವಾದಕಿ, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ಭಾಷಾವಿಜ್ಞಾನದ ಒಂದು ಪಠ್ಯವನ್ನು ಕನ್ನಡಕ್ಕೆ ತರ್ಲತ್ತೀನಿ. ಪಶ್ಚಿಮ ಆಫ್ರಿಕಾದ ಭಾಷೆಗಳ ಅಧ್ಯಾಯ ಇವತ್ತು ಸಂಜೆಯೊಳಗೆ ಅಚ್ಚಿಗೆ ಹೋಗಬೇಕು, ಅದರ ತಲೆಬರಹವೇ ಇನ್ನೂ ಖಾಲಿ ಇದೆ. ಮೂಲದಲ್ಲಿರುವುದು ‘ಸೀರಿಯಲ್ ವರ್ಬ್ ಕನ್‌ಸ್ಟ್ರಕ್ಷನ್’. ನಾನು ‘ಸಂಯುಕ್ತ ಕ್ರಿಯಾಪದ’ ಅಂತ ಹಾಕಿದ್ದೆ. ಆ ಹೆಸರನ್ನು ‘ಮಾಡಿಬಿಡು’, ‘ಬಿದ್ದುಹೋಗು’ ಇಂಥವಕ್ಕೆ ಹಿಂದಿನ ಅಧ್ಯಾಯದಲ್ಲಿ ಬಳಸಿ ಆಗಿದೆ ಅಂತ ಸಂಪಾದಕರು ಕೆಂಪು ಗೆರೆ ಎಳೆದು ವಾಪಸ್ ಕಳಿಸಿದರು.

ಪುಸ್ತಕದ ಮೊದಲ ಉದಾಹರಣೆ ಯೊರುಬಾ ಭಾಷೆಯದು: ‘ಓ ಮು ಇವೆ ವಾ’. ಓ ಅಂದರೆ ಅವನು ಅಥವಾ ಅವಳು, ಮು ಅಂದರೆ ತೆಗೆದುಕೊಳ್ಳು, ಇವೆ ಅಂದರೆ ಪುಸ್ತಕ (ನಮ್ಮ ‘ಇವೆ’ ಅಲ್ಲ, ಪ್ರೂಫ್ ನೋಡುವವರು ಈಗಾಗಲೇ ಒಂದ್ಸಲ ‘ಇದೆ’ ಅಂತ ತಿದ್ದಿಟ್ಟಿದ್ದಾರೆ), ವಾ ಅಂದರೆ ಬರು. ಒಟ್ಟು ಅರ್ಥ ‘ಪುಸ್ತಕ ತಂದ’. ಕೇಳಬೇಕಾದದ್ದು ಎರಡು. ಈ ರಚನೆಗೆ ಕನ್ನಡದ ಹೆಸರೇನು? ಉದಾಹರಣೆಯ ಕೆಳಗೆ ಪದಕ್ಕೆ ಪದ ಅರ್ಥ ಬರೆಯುವಾಗ ‘ತೆಗೆದುಕೊಂಡು’ ಅಂತ ಬರೆಯಲೋ, ‘ತೆಗೆದುಕೊಳ್ಳು’ ಅಂತಲೋ?

ನಿವೃತ್ತ ಕನ್ನಡ ಮೇಷ್ಟ್ರು, ಬೀದರ:

ಇದಕ್ಕ ಹೊಸ ಹೆಸರು ಹುಡುಕುವ ಉಸಾಬರಿ ಯಾಕ್ರಿ ಅಕ್ಕಾವ್ರ? ಆಫ್ರಿಕಾಕ್ಕ ಹೋಗೋದೂ ಬ್ಯಾಡ. ನಮ್ಮ ರೈತ ದಿನಾ ಆಡುವ ಮಾತು ಕೇಳ್ರಿ: ‘ಹೊಲಕ್ಕ ಹೋಗಿ ತೊಗರಿ ಕೊಯ್ದು ರಾಶಿ ಮಾಡಿ ಚೀಲ ತುಂಬಿ ಗಂಜಿಗೆ ಒಯ್ದು ಮಾರಿ ಬಂದ.’ ಏಳು ಕ್ರಿಯೆ, ಒಂದೇ ವಾಕ್ಯ, ನಡುವೆ ‘ಮತ್ತು’ ಇಲ್ಲ, ‘ಹಾಗೂ’ ಇಲ್ಲ. ಇದೇ ಅಲ್ಲೇನು ನೀವು ಕೇಳೋದು? ಇವು ಭೂತನ್ಯೂನಗಳು. ಎಂಟನೇ ಇಯತ್ತೆ ಹುಡುಗರಿಗೆ ಗೊತ್ತಿರುವ ವಿಷಯ. ‘ನ್ಯೂನಕ್ರಿಯಾಮಾಲೆ’ ಅಂತ ಬರೆದು ಕಳಿಸ್ರಿ. ಅರ್ಥ ಬರೆಯುವಾಗ ‘ತೆಗೆದುಕೊಂಡು’ ಅಂತಲೇ ಬರೀರಿ, ಕನ್ನಡದಾಗ ಹಂಗೇ ಅಂತೀವಿ.

ಸೇಡಂ:

ನ್ಯೂನ, ಕ್ರಿಯಾ, ಮಾಲಾ. ಮೂರಕ್ಕೆ ಮೂರೂ ಸಂಸ್ಕೃತ, ಕನ್ನಡ ಎಲ್ಲಿದೆ? ಶಂಕರ ಭಟ್ಟರು ‘ಎಸಕಪದ’ ಅಂತ ಕೊಟ್ಟು ಎಷ್ಟೋ ವರ್ಷ ಆಯಿತು. ಎಸಕಪದಗಳು ಸಾಲಾಗಿ ನಿಂತರೆ ‘ಸಾಲೆಸಕ’. ಮುಗೀತು. ಮಳಖೇಡದ ಪಕ್ಕದಲ್ಲೇ ಕುಂತು, ಕವಿರಾಜಮಾರ್ಗ ಹುಟ್ಟಿದ ನೆಲದಲ್ಲಿ ಇದ್ದುಕೊಂಡು, ಒಂದು ಕನ್ನಡ ಪದ ಕಟ್ಟಲು ನಾಚಿಕೆಪಡುವುದು ನನಗೆ ತಿಳಿಯುವುದಿಲ್ಲ.

ಬೀದರ:

ಕವಿರಾಜಮಾರ್ಗದ ಹೆಸರು ಹೇಳೋ ತಮ್ಮಾ, ಅದರ ಹೆಸರಿನಾಗೇ ಕವಿ, ರಾಜ, ಮಾರ್ಗ ಅದಾವ. ಮೂರಕ್ಕೆ ಮೂರೂ ಸಂಸ್ಕೃತ.

ಡಿ.ಟಿ.ಪಿ. ಅಂಗಡಿ, ಯಾದಗಿರಿ:

ಸರ್, ನಂದೂ ಇದೇ ಸಮಸ್ಯೆ ಐತ್ರಿ. ಅರ್ಜಿ ಟೈಪ್ ಮಾಡಾಗ ‘ಮಂಜೂರು ಮಾಡಿಕೊಡಬೇಕಾಗಿ ವಿನಂತಿ’ ಇದನ್ನ ‘ಮಾಡಿ ಕೊಡ ಬೇಕಾಗಿ’ ಅಂತ ಬಿಡಿಸಿ ಹೊಡೀಬೇಕೋ, ಕೂಡಿಸಿ ಹೊಡೀಬೇಕೋ? ಒಬ್ಬರು ಕೂಡಿಸು ಅಂತಾರ, ಇನ್ನೊಬ್ಬರು ಬಿಡಿಸು ಅಂತಾರ. ಸೀರಿಯಲ್ ಅಂದ್ರ ಸಾಲಾಗಿ ಬಿಡಿಸಿ ಬರೆಯೋದು ಅಂತ ತಿಳ್ಕೊಂಡೀನಿ. ತಪ್ಪಿದ್ರ ಹೇಳ್ರಿ.

ಭಾಷಾವಿಜ್ಞಾನ ಕಲಿಸುವವರು, ಆಳಂದ:

ಅನುವಾದಕಿಯವರಿಗೆ ಸಂಜೆಯ ಅವಸರ ಇದೆ, ಮೊದಲು ಅದನ್ನು ನೋಡೋಣ. ಬೀದರ ಗುರುಗಳು ಕೊಟ್ಟ ತೊಗರಿಯ ವಾಕ್ಯ ಚೆಂದ ಇದೆ, ಆದರೆ ಅದು ಈ ರಚನೆ ಅಲ್ಲ. ‘ನ್ಯೂನ’ ಅನ್ನುವ ಪದ ತಲೆಬರಹದಲ್ಲಿ ಬಂದರೆ ಅಧ್ಯಾಯದ ತಿರುಳೇ ತಲೆಕೆಳಗಾಗುತ್ತದೆ.

ಯೊರುಬಾ ವಾಕ್ಯವನ್ನೇ ನೋಡಿ. ಅಲ್ಲಿ ‘ಮು’ ಎಂಬುದು ಪೂರ್ತಿ ಕ್ರಿಯಾಪದ, ‘ವಾ’ ಕೂಡ ಪೂರ್ತಿ ಕ್ರಿಯಾಪದ. ಒಂಟಿಯಾಗಿ ಬಂದರೂ ಅವೆರಡೂ ಹೀಗೇ ಇರುತ್ತವೆ. ಒಂದನ್ನು ಇನ್ನೊಂದಕ್ಕೆ ಹೊಲಿಯುವ ಯಾವ ಪ್ರತ್ಯಯವೂ ನಡುವೆ ಇಲ್ಲ. ನಮ್ಮಲ್ಲಿ ‘ಕೊಯ್’ ಎಂಬುದು ‘ಕೊಯ್ದು’ ಆಗಬೇಕು, ‘ತುಂಬು’ ಎಂಬುದು ‘ತುಂಬಿ’ ಆಗಬೇಕು. ‘ಮತ್ತು’ ಇಲ್ಲದಿದ್ದರೇನು, ಆ ‘ದು’ ಮತ್ತು ‘ಇ’ಗಳೇ ಹೊಲಿಗೆ. ‘ತೊಗರಿ ಕೊಯ್ದು’ ಅಂತ ನಿಲ್ಲಿಸಿದರೆ ಕೇಳುವವ ‘ಮುಂದೇನಾಯ್ತು’ ಅಂತಾನೆ, ಅದಕ್ಕೇ ನಮ್ಮ ವ್ಯಾಕರಣ ಅದನ್ನು ನ್ಯೂನ ಎಂದಿದೆ. ಯೊರುಬಾದ ‘ಮು’ ನ್ಯೂನ ಅಲ್ಲ.

ಕನ್ನಡಕ್ಕೆ ಇನ್ನೂ ಹತ್ತಿರದ ಉದಾಹರಣೆ ಪಪುವಾ ನ್ಯೂಗಿನಿಯ ಕಲಾಮ್ ಭಾಷೆಯಲ್ಲಿದೆ. ಆ ಭಾಷೆಯಲ್ಲಿ ಇರುವ ಧಾತುಗಳೇ 130ರ ಆಸುಪಾಸು. ಹಾಗಾಗಿ ನಾವು ಒಂದು ಪದದಲ್ಲಿ ಹೇಳುವುದನ್ನು ಅವರು ಸಾಲು ಕಟ್ಟಿ ಹೇಳುತ್ತಾರೆ. ‘ಕಟ್ಟಿಗೆ ತಂದೆ’ ಅನ್ನಲು ಅವರ ವಾಕ್ಯ ಹೆಚ್ಚುಕಡಿಮೆ ಹೀಗೆ: ಹೋಗು, ಕಟ್ಟಿಗೆ, ಹೊಡೆದು ಮುರಿಯುವ ಕ್ರಿಯೆ, ಹಿಡಿ, ಬರು, ಇಡು. ಕಾಲ ಮತ್ತು ಪುರುಷದ ಪ್ರತ್ಯಯ ಕೊನೆಯ ‘ಇಡು’ಗೆ ಮಾತ್ರ. ಕೊನೆಯದಕ್ಕೆ ಮಾತ್ರ ಪ್ರತ್ಯಯ ಹತ್ತುವುದು ನಮ್ಮಲ್ಲೂ ಹಾಗೇ, ಗುರುಗಳ ವಾಕ್ಯದಲ್ಲೂ ‘ಬಂದ’ ಒಂದಕ್ಕೇ ಅದು ಇರುವುದು. ವ್ಯತ್ಯಾಸ ಇರುವುದು ಅದಕ್ಕೆ ಮುಂಚಿನ ಕ್ರಿಯೆಗಳಲ್ಲಿ: ಅವರವು ಬೋಳು ಧಾತು, ನಮ್ಮವು ಪ್ರತ್ಯಯ ಹೊತ್ತ ನ್ಯೂನರೂಪ.

ಹಾಗಾಗಿ ಎರಡನೇ ಪ್ರಶ್ನೆಗೆ ಉತ್ತರ: ‘ತೆಗೆದುಕೊಂಡು’ ಬೇಡ. ಮೊದಲ ಸಾಲು ಯೊರುಬಾ. ಎರಡನೇ ಸಾಲಿನಲ್ಲಿ ‘ಅವನು – ತೆಗೆದುಕೊಳ್ಳು – ಪುಸ್ತಕ – ಬರು’ ಅಂತ ಬರೀ ಧಾತು ಬರೆಯಿರಿ. ಮೂರನೇ ಸಾಲಿನಲ್ಲಿ ಸಹಜ ಕನ್ನಡ: ‘ಅವನು ಪುಸ್ತಕ ತಂದ’. ಎರಡನೇ ಸಾಲಿಗೇ ‘ತೆಗೆದುಕೊಂಡು’ ಹಾಕಿದರೆ ಓದುವ ಹುಡುಗರು, ಅಯ್ಯೋ ಇದು ನಮ್ಮದೇ, ಅಂದುಕೊಂಡು ಪುಟ ತಿರುವಿಬಿಡುತ್ತಾರೆ.

ಇನ್ನು ಹೆಸರು. ‘ಧಾತುಸರಣಿ’ ಅನ್ನಬಹುದಿತ್ತು, ಆದರೆ ಘಾನಾ ದೇಶದ ಆಕಾನ್ ಭಾಷೆಯಲ್ಲಿ ಸಾಲಿನ ಕ್ರಿಯೆಗಳಿಗೆ ಪ್ರತ್ಯಯ ಹತ್ತಿರುತ್ತದೆ, ಅವನ್ನು ಬರೀ ಧಾತು ಅನ್ನಲಾಗದು. ‘ಸೀರಿಯಲ್ ವರ್ಬ್’ ಎಂಬ ಮಾತು ಹುಟ್ಟಿದ್ದೇ ಆ ಭಾಷೆಯ ವ್ಯಾಕರಣದಲ್ಲಿ, 1929ರಲ್ಲಿ. ಅದನ್ನು ಹೊರಗಿಡುವ ಹೆಸರು ಇಡಬಾರದು. ನನ್ನ ಮತ ‘ಕ್ರಿಯಾಸರಣಿ’.

ಅನುವಾದಕಿ, ಕಲಬುರಗಿ:

ಸರ್, ತುಂಬ ಉಪಕಾರ ಆಯಿತು. ಒಂದು ಅನುಮಾನ. ‘ಪುಸ್ತಕ ತಗೊಂಡು ಬಂದ’ ಅನ್ನುವಾಗ ನನಗಂತೂ ಎರಡು ಕೆಲಸ ಕಾಣುವುದಿಲ್ಲ, ಒಂದೇ ಕೆಲಸ ಕಾಣುತ್ತದೆ. ನಡುವೆ ಹೊಲಿಗೆ ಇದೆ ಅಂತ ಆಗಲೂ ಅದನ್ನು ಎರಡು ವಾಕ್ಯಾಂಶ ಅಂತಲೇ ಎಣಿಸಬೇಕೇ? ಇದಕ್ಕೂ ಅಡಿಯಲ್ಲೊಂದು ವಿವರಣೆ ಕೊಡಬೇಕು. ಪರೀಕ್ಷೆ ಮಾಡಿ ನೋಡುವ ದಾರಿ ಇದ್ದರೆ ಹೇಳಿ.

ಬೀದರ:

ಆಳಂದದ ಸರ್ ಹೇಳಿದ್ದು ಪುಸ್ತಕದ ಕನ್ನಡಕ್ಕ ಸರಿ. ಬಾಯಾಗಿನ ಕನ್ನಡ ಕೇಳ್ರಿ. ‘ಮಾಡ್ಕೊಟ್ಟ’, ‘ಹೇಳ್ಕೊಟ್ಟ’, ‘ಮಾಡ್ಬಿಟ್ಟ’. ನೀವು ಹೇಳಿದ ಆ ‘ಇ’ ಎಲ್ಲಿ ಅದ? ಬಿದ್ದು ಹೋಗ್ಯದ. ಉಳಿದದ್ದು ಬೋಳು ‘ಮಾಡ್’, ಬೋಳು ‘ಹೇಳ್’. ನಿಮ್ಮ ಕಲಾಮ್ ಭಾಷಾಕ್ಕೂ ಇದಕ್ಕೂ ಫರಕೇನು? ಕಾಗದದ ಮ್ಯಾಲಿನ ಅಕ್ಷರ ನೋಡಿ ತೀರ್ಪು ಕೊಡಬ್ಯಾಡ್ರಿ.

ಆಳಂದ:

ಗುರುಗಳೇ, ಇದು ಕೇಳಬೇಕಾದ ಪ್ರಶ್ನೆಯೇ. ಆದರೆ ನೀವು ಆರಿಸಿದ ಕ್ರಿಯಾಪದಗಳು ನಿಮಗೆ ಅನುಕೂಲ ಆಗುವಂಥವು. ‘ಮಾಡು’, ‘ಹೇಳು’ ಇವುಗಳಲ್ಲಿ ‘ಇ’ ಬಿದ್ದರೆ ಧಾತುವೇ ಉಳಿದ ಹಾಗೆ ಕೇಳುತ್ತದೆ. ನ್ಯೂನರೂಪದಲ್ಲಿ ಧಾತುವೇ ಬದಲಾಗುವ ಕ್ರಿಯಾಪದ ತಗೊಳ್ಳಿ. ‘ತರು’ ತಗೊಂಡರೆ ನಮ್ಮ ಕಡೆ ಎಷ್ಟೇ ಅವಸರದಲ್ಲಿ ಆಡಿದರೂ ‘ತಂದ್ಕೊಟ್ಟ’ ಅಂತೀವಿ. ‘ತರ್ಕೊಟ್ಟ’ ಅಂತ ಯಾರ ಬಾಯಲ್ಲೂ ಬರದು. ‘ಬರು’ ತಗೊಂಡರೆ ‘ಬಂದ್ಹೋದ’, ‘ಬರ್ಹೋದ’ ಅಲ್ಲ. ‘ಬೀಳು’ ತಗೊಂಡರೆ ‘ಬಿದ್ಹೋಯ್ತು’, ‘ಬೀಳ್ಹೋಯ್ತು’ ಅಲ್ಲ. ಕೊನೆಯ ಸ್ವರ ಬಿದ್ದಿದೆ, ಅಷ್ಟೇ. ನ್ಯೂನರೂಪ ಒಳಗೆ ಗಟ್ಟಿಯಾಗಿ ಕೂತಿದೆ. ‘ಮಾಡ್ಕೊಟ್ಟ’ದಲ್ಲಿ ಇರುವುದೂ ಅದೇ ನ್ಯೂನರೂಪ, ಕಿವಿಗೆ ಕಾಣುವುದಿಲ್ಲ. ಒತ್ತಿ ಹೇಳುವಾಗ ಅದು ತಾನೇ ಹೊರಬರುತ್ತದೆ: ‘ಮಾಡಿಯೇ ಕೊಟ್ಟ’, ‘ಮಾಡೇ ಬಿಟ್ಟ’.

ಅಕ್ಕಾವ್ರ ಪರೀಕ್ಷೆಯ ಪ್ರಶ್ನೆಗೆ ಬರ್ತೀನಿ. ನಾನು ತರಗತಿಯಲ್ಲಿ ಮಾಡಿಸುವುದು ನಿಷೇಧದ ಪರೀಕ್ಷೆ. ಯೊರುಬಾದಲ್ಲಿ ‘ಕೋ ಮು ಇವೆ ವಾ’ ಅಂದರೆ ಪುಸ್ತಕ ತರಲಿಲ್ಲ. ‘ಕೋ’ ಎಂಬ ಒಂದು ನಿಷೇಧ ಇಡೀ ಸಾಲನ್ನು ಹಿಡಿಯುತ್ತದೆ. ತೆಗೆದುಕೊಳ್ಳುವುದನ್ನು ಮಾತ್ರ ಅಲ್ಲಗಳೆದು ಬರುವುದನ್ನು ಉಳಿಸಿಕೊಳ್ಳಬೇಕೆಂದರೆ ಈ ಸಾಲಿನೊಳಗೆ ಆಗುವುದಿಲ್ಲ, ಬೇರೆ ವಾಕ್ಯವನ್ನೇ ಕಟ್ಟಬೇಕು. ಕನ್ನಡದಲ್ಲಿ ಸಲೀಸಾಗಿ ಆಗುತ್ತದೆ: ‘ಪುಸ್ತಕ ತಗೊಳ್ಳದೆ ಬಂದ’. ನಿಷೇಧನ್ಯೂನ ಇರುವುದೇ ಅದಕ್ಕೆ. ಮೊದಲ ಕ್ರಿಯೆಯೊಂದನ್ನೇ ಹಿಡಿದು ಅಲ್ಲಗಳೆಯಲು ಬರುತ್ತದೆ ಅಂದರೆ ಅಲ್ಲಿ ಸಂದು ಇದೆ ಅಂತ ಅರ್ಥ. ಕಾಲದ ಪರೀಕ್ಷೆಯೂ ಇದೆ. ‘ಪುಸ್ತಕ ನಿನ್ನೆ ತಗೊಂಡು ಇವತ್ತು ಬಂದ’ ಅನ್ನಬಹುದು, ಆಗ ಅದು ಖಂಡಿತ ಎರಡು ವಾಕ್ಯಾಂಶ. ನೀವು ಒಂದೇ ಕೆಲಸ ಕಾಣುತ್ತದೆ ಅಂದಿರಲ್ಲ, ‘ತಂದ’ ಎಂಬ ಅರ್ಥದ ‘ತಗೊಂಬಂದ’, ಅದರ ನಡುವೆ ‘ಇವತ್ತು’ ತೂರಿಸಿದ ಕೂಡಲೇ ಆ ಅರ್ಥ ಒಡೆದುಹೋಗುತ್ತದೆ. ಅಂದರೆ ಅದು ಒಂದೇ ವಾಕ್ಯಾಂಶದ ಹತ್ತಿರ ಬಂದಿದೆ. ನಿಮ್ಮ ಕಿವಿ ಸರಿಯಾಗಿಯೇ ಕೇಳಿದೆ.

ಇದರಿಂದಲೇ ವಿದ್ವಾಂಸರಲ್ಲಿ ಎರಡು ಪಂಗಡ. ಸಡಿಲವಾಗಿ ಎಣಿಸುವವರು, ಒಂದೇ ವಾಕ್ಯಾಂಶ ಆದರೆ ಸಾಕು ಅಂತ, ನಮ್ಮ ‘ಮಾಡಿಬಿಡು’, ‘ತಗೊಂಬಾ’ಗಳನ್ನೂ ಒಳಗೆ ಬಿಟ್ಟುಕೊಳ್ಳುತ್ತಾರೆ. ಬಿಗಿಯಾಗಿ ಎಣಿಸುವವರಲ್ಲಿ ಹಸ್ಪೆಲ್ಮಾತ್ 2016ರಲ್ಲಿ ಕೊಟ್ಟ ಲಕ್ಷಣದಲ್ಲಿ ಕ್ರಿಯೆಗಳ ನಡುವೆ ಜೋಡಿಸುವ ಅಂಶ ಇರಲೇಬಾರದು. ಆ ಅಳತೆಯಲ್ಲಿ ಕನ್ನಡ ಹೊರಗೆ. ನಿಮ್ಮ ಪಠ್ಯ ಯಾವ ಅಳತೆ ಹಿಡಿದಿದೆ ಅಂತ ಮೊದಲ ಪುಟದಲ್ಲಿ ನೋಡಿಕೊಂಡು ವಿವರಣೆ ಬರೆಯಿರಿ.

ಸೇಡಂ:

ನಿಷೇಧ ಒಂದೇ ಇರಬೇಕು ಅನ್ನುವುದು ತಪ್ಪು. ನೀವೇ ಹೇಳಿದ ಆಕಾನ್‌ನಲ್ಲಿ ಪ್ರತಿಯೊಂದು ಎಸಕಪದಕ್ಕೂ ಅಲ್ಲಗಳೆಯುವ ಒಟ್ಟು ಹತ್ತುತ್ತದೆ ಅಂತ ಓದಿದ್ದೇನೆ. ಹಾಗಾದರೆ ಅದೂ ಸಾಲೆಸಕ ಅಲ್ಲವೋ?

ಆಳಂದ:

ಓದಿದ್ದು ಸರಿ ಇದೆ. ಆಕಾನ್‌ನಲ್ಲಿ ನಿಷೇಧದ ಗುರುತು ಎಲ್ಲ ಕ್ರಿಯೆಗಳ ಮೇಲೂ ಬರುತ್ತದೆ. ಆದರೆ ಗುರುತು ಎಷ್ಟು ಕಡೆ ಇದೆ ಅನ್ನುವುದಲ್ಲ ಲೆಕ್ಕ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಮಾತ್ರ ಹಾಕಲು ಬರುತ್ತದೋ ಇಲ್ಲವೋ ಅನ್ನುವುದು ಲೆಕ್ಕ. ಗುರುತು ಎರಡು ಕಡೆ, ನಿಷೇಧ ಒಂದೇ.

ಬಸವಕಲ್ಯಾಣ:

ಎಲ್ಲರೂ ಆಫ್ರಿಕಾ ತಿರುಗಿ ಬಂದ್ರಿ, ಮನಿ ಪಕ್ಕದ ಉರ್ದು ಯಾರಿಗೂ ನೆನಪಾಗಿಲ್ಲ. ‘ಲೇ ಆ’, ‘ಕರ್ ದೇ’, ‘ದೇ ದಿಯಾ’. ಇಲ್ಲಿ ಪ್ರತ್ಯಯ ಎಲ್ಲಿ ಅದ ತೋರಿಸ್ರಿ. ‘ಕರ್’ ಬೋಳು, ‘ಲೇ’ ಬೋಳು. ಖರೇ ಸಾಲುಕ್ರಿಯೆ ಇದೇ. ನಾನು ಹುಟ್ಟಿದಾಗಿಂದ ಎರಡೂ ಆಡ್ತೀನಿ, ನನ್ನ ಅಂದಾಜು ಕೇಳ್ರಿ: ನಮ್ಮ ‘ಮಾಡಿಕೊಡು’, ‘ತಗೊಂಡು ಬಾ’ ಎಲ್ಲಾ ಉರ್ದು ನೋಡಿ ಕಲ್ತದ್ದು. ಬಹಮನಿ ಕಾಲದಿಂದ ಕೋರ್ಟು ಕಚೇರಿ ಎಲ್ಲಾ ಅವರ ಕೈಯಾಗೇ ಇತ್ತು, ಮಾತೂ ಅಲ್ಲಿಂದೇ ಬಂತು. ಇದರಾಗ ಸಾಲೆಸಕ, ನ್ಯೂನಮಾಲೆ ಅಂತ ಜಗಳ ಆಡಿ ಏನು ಸಿಗ್ತದ?

ಸೇಡಂ:

ಕಂಡದ್ದೆಲ್ಲ ಉರ್ದುವಿನಿಂದ ಬಂತು ಅನ್ನುವ ಚಟ ಇನ್ನೂ ಬಿಟ್ಟಿಲ್ಲ. ಅಡಿಪಾಯವಿಲ್ಲದ ಮಾತು.

ಬಸವಕಲ್ಯಾಣ:

‘ಚಟ’ ಅಂದ್ರಿ. ‘ಸಾಲೆಸಕ’ ಅಂತ ಸೇಡಂ ಬಸ್‌ಸ್ಟ್ಯಾಂಡಿನಾಗ ನಿಂತು ಹೇಳ್ರಿ ನೋಡೋಣ, ಎಷ್ಟು ಮಂದಿಗೆ ತಿಳೀತದ.

ಬೀದರ:

ನಮ್ಮ ಬೀದರದಾಗ ಮರಾಠಿ ಬಿಟ್ಟು ಮಾತೇ ಇಲ್ಲ, ಅದನ್ನ ಯಾಕ ಬಿಟ್ರಿ? ‘ಘೇಊನ್ ಯೇ’ ಅಂದ್ರ ತಗೊಂಡು ಬಾ. ಅಲ್ಲಿ ‘ಊನ್’ ಹೆಂಗ ಕುಂತದೋ ನಮ್ಮ ‘ಡು’ ಹಂಗೇ ಕುಂತದ. ಗುರಮಿಠಕಲ್ ಕಡಿ ತೆಲುಗರದೂ ಹಂಗೇ.

ಆಳಂದ:

ಬಸವಕಲ್ಯಾಣದವರ ಅರ್ಧ ಮಾತು ತೂಕದ್ದು, ಇನ್ನರ್ಧ ನಿಲ್ಲುವುದಿಲ್ಲ. ಉರ್ದುವಿನ ‘ಕರ್ ದೇ’ ಮೇಲ್ನೋಟಕ್ಕೆ ಕನ್ನಡಕ್ಕಿಂತ ಆಫ್ರಿಕಾದ ಸರಣಿಗೆ ಹತ್ತಿರ, ನಿಜ. ಆದರೆ ಅದು ಮೊದಲಿಂದಲೂ ಬೋಳಾಗಿ ಇರಲಿಲ್ಲ. ಉರ್ದುವಿನ ಹತ್ತಿರದ ನೆಂಟರಾದ ಹಳೆಯ ಬ್ರಜ್ ಮತ್ತು ಅವಧಿ ಭಾಷೆಗಳಲ್ಲಿ ಇದೇ ರೂಪ ‘ಕರಿ’, ‘ಸುನಿ’ ಅಂತ ಕೊನೆಯಲ್ಲಿ ‘ಇ’ ಇಟ್ಟುಕೊಂಡಿದೆ. ಮುಂದೆ ಅದು ಸವೆದು ಬಿತ್ತು. ಗುರುಗಳು ನಮ್ಮ ‘ಮಾಡ್ಕೊಟ್ಟ’ದಲ್ಲಿ ಬಿದ್ದಿದೆ ಅಂದರಲ್ಲ, ಅದು ಅಲ್ಲಿ ನಿಜವಾಗಿಯೂ ಬಿದ್ದಿದೆ. ನಮ್ಮ ‘ತಂದ್’, ‘ಬಂದ್’ಗಳ ಹಾಗೆ ಒಳಗಿನ ನ್ಯೂನವನ್ನು ಬಯಲಿಗೆ ತರುವ ರೂಪಗಳು ಉರ್ದುವಿಗೆ ಉಳಿದಿಲ್ಲ.

ಇನ್ನು ಯಾರು ಯಾರಿಂದ ಕಲಿತರು ಅನ್ನುವುದು. ಬಹಮನಿ ರಾಜ್ಯ ಕಲಬುರಗಿಯಲ್ಲಿ ನೆಲೆಯಾದದ್ದು 1347ರಲ್ಲಿ. ಕನ್ನಡದಲ್ಲಿ ನ್ಯೂನಗಳನ್ನು ಸಾಲಾಗಿ ಪೋಣಿಸುವುದು ಅದಕ್ಕಿಂತ ಎಷ್ಟೋ ಹಿಂದಿನ ಹಳಗನ್ನಡ ಗದ್ಯದಲ್ಲೇ ಪುಟಗಟ್ಟಲೆ ಇದೆ. ಕಲಿತದ್ದಿದ್ದರೆ ಈ ಭಾಗದಲ್ಲಿ ದಖನಿ ಉರ್ದುವೇ ನಮ್ಮಿಂದ ಕಲಿತಂತಿದೆ. ದಿಲ್ಲಿಯವರು ‘ಜಾಕರ್ ಆ’ ಅನ್ನುವಲ್ಲಿ ನಮ್ಮ ದಖನಿಯವರು ‘ಜಾಕೋ ಆ’ ಅಂತಾರೆ, ಪ್ರತ್ಯಯ ಬಿಡುವುದೇ ಇಲ್ಲ. ‘ಬರ್ತೀನಿ ಅಂತ ಹೇಳಿದ’ ಅನ್ನುವಲ್ಲಿ ‘ಅಂತ’ದ ಜಾಗಕ್ಕೆ ‘ಬೋಲ್ಕೆ’ ತಂದು ಕೂಡಿಸಿದ್ದಾರೆ. ಆ ಅಚ್ಚು ನಮ್ಮ ಕಡೆಯದು.

ಆದರೂ ಸೇಡಂನವರು ಗೆದ್ದೆ ಅಂದುಕೊಳ್ಳಬೇಡಿ. ಸಾಂಗ್ಲಿ ಜಿಲ್ಲೆಯ ಕುಪವಾಡ ಎಂಬ ಹಳ್ಳಿಯ ಬಗ್ಗೆ ಗಂಪರ್ಜ್ ಮತ್ತು ವಿಲ್ಸನ್ ಎಂಬಿಬ್ಬರು 1971ರಲ್ಲಿ ಬರೆದ ಪ್ರಬಂಧ ಈ ವಿಷಯದಲ್ಲಿ ಎಲ್ಲರೂ ಓದುವಂಥದ್ದು. ಅಲ್ಲಿಯ ಜನ ಕನ್ನಡ, ಮರಾಠಿ, ಉರ್ದು ಮೂರನ್ನೂ ಆಡುತ್ತ ಆಡುತ್ತ ಮೂರರ ವಾಕ್ಯರಚನೆಯೂ ಒಂದೇ ಆಗಿಬಿಟ್ಟಿದೆ. ಅವರು ಕೊಟ್ಟ ವಾಕ್ಯವೊಂದು ‘ತಪ್ಪಲ ಒಂದಿಷ್ಟು ಕೊಯ್ದು ತಗೊಂಡು ಬಂದೆ’ ಎಂಬ ಅರ್ಥದ್ದು. ಮೂರು ಭಾಷೆಯಲ್ಲೂ ಪದಗಳು ಬೇರೆ, ಆದರೆ ಕೊಯ್ಯುವುದು, ತಗೊಳ್ಳುವುದು, ಬರುವುದು ಅದೇ ಕ್ರಮದಲ್ಲಿ, ಪ್ರತ್ಯಯವೂ ಅದೇ ಜಾಗದಲ್ಲಿ. ಪದ ಎರವಲು ತರುವುದನ್ನು ತಡೆಯಲು ಕಾವಲು ಕೂಡಬಹುದು. ಸಾಲಿನ ಕ್ರಮ ದಾಟಿ ಬರುವಾಗ ಯಾರಿಗೂ ಗೊತ್ತಾಗುವುದಿಲ್ಲ.

ಬೀದರ:

ಬಸವಕಲ್ಯಾಣದವರು ನಡುವೆ ‘ಸಾಲುಕ್ರಿಯೆ’ ಅಂದ್ರಲ್ಲ, ಅದನ್ನ ಮಾತ್ರ ಅಚ್ಚು ಹಾಕಬ್ಯಾಡ್ರಿ ಅಕ್ಕಾವ್ರ. ಸಾಲು ಕನ್ನಡ, ಕ್ರಿಯೆ ಸಂಸ್ಕೃತ. ಶುದ್ಧ ಅರಿಸಮಾಸ. ಕೇಶಿರಾಜ ಒಪ್ಪಂಗಿಲ್ಲ.

ಬಸವಕಲ್ಯಾಣ:

ಕಾಡುಪ್ರಾಣಿ ಅಂತೀರಿ, ಮನೆದೇವತೆ ಅಂತೀರಿ. ಅವಕ್ಕ ಕೇಶಿರಾಜ ಒಪ್ಪಿದ್ನೇನು?

ಅನುವಾದಕಿ, ಕಲಬುರಗಿ:

ನನಗೂ ‘ಸಾಲುಕ್ರಿಯೆ’ ಇಷ್ಟವಾಗಿತ್ತು, ಬಾಯಿಗೂ ಸುಲಭ. ಆದರೆ ಸಂಪಾದಕರೂ ಅರಿಸಮಾಸ ಅಂದವರೇ. ತಲೆಬರಹಕ್ಕೆ ‘ಕ್ರಿಯಾಸರಣಿ’ ಅಂತ ಹಾಕಿ ಕಳಿಸಿದೆ. ‘ಕ್ರಿಯಾಸಮಾಸ’ದ ಜೊತೆ ಗೊಂದಲ ಆಗದಂತೆ ಕೆಳಗೆ ಒಂದು ಸಾಲು ಸೇರಿಸಿದ್ದೇನೆ: ಅಲ್ಲಿ ನಾಮಪದದ ಜೊತೆ ಕ್ರಿಯೆ ಸೇರುತ್ತದೆ, ‘ಕೈಮುಗಿ’ ಥರ, ಇಲ್ಲಿ ಕ್ರಿಯೆಯ ಜೊತೆ ಕ್ರಿಯೆ. ಪುಸ್ತಕ ಹಿಡಿದದ್ದು ಬಿಗಿ ಅಳತೆಯೇ, ಹಾಗಾಗಿ ‘ತಗೊಂಡು ಬಾ’ ವಿವರಣೆ ಅಡಿಟಿಪ್ಪಣಿಗೆ ಹೋಯಿತು.

ಇನ್ನೊಂದು ಸರ್. ಸುರಿನಾಮ್‌ನ ಸ್ರಾನಾನ್ ಭಾಷೆಯ ಉದಾಹರಣೆಯಲ್ಲಿ ‘ಚಾಕು ತೆಗೆದುಕೊಳ್ಳು ಬ್ರೆಡ್ ಕೊಯ್ಯಿ’ ಅಂತ ಇದೆ, ಅರ್ಥ ‘ಚಾಕುವಿನಿಂದ ಬ್ರೆಡ್ ಕೊಯ್ದ’. ಅಲ್ಲಿ ‘ತೆಗೆದುಕೊಳ್ಳು’ ಮಾಡುವ ಕೆಲಸ ನಮ್ಮ ತೃತೀಯಾ ವಿಭಕ್ತಿಯ ಕೆಲಸ ಅಂತ ಬರೆದಿದ್ದೇನೆ. ಸರಿ ತಾನೆ?

ಆಳಂದ:

ಸರಿ ಇದೆ. ವಿಭಕ್ತಿ ಪ್ರತ್ಯಯ ಇಲ್ಲದ ಭಾಷೆಗಳಲ್ಲಿ ಸರಣಿಯ ಒಂದು ಕ್ರಿಯೆ ಆ ಹೊರೆ ಹೊರುವುದು ಬಹಳ ಕಡೆ ಕಾಣುತ್ತದೆ. ಮೂರನೇ ಸಾಲಿನಲ್ಲಿ ‘ಚಾಕು ತಗೊಂಡು ಕೊಯ್ದ’ ಅಂತ ಮಾತ್ರ ಬರೆಯಬೇಡಿ. ನಮ್ಮ ಕಡೆ ಹಾಗೆ ಆಡುತ್ತೇವೆ ನಿಜ, ಆದರೆ ಓದುವವರಿಗೆ ಚಾಕು ಎತ್ತಿಕೊಂಡದ್ದೇ ಒಂದು ಬೇರೆ ಕೆಲಸ ಅನ್ನಿಸಬಹುದು.

ಯಾದಗಿರಿಯವರ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಅಣ್ಣಾ, ನಿಮ್ಮದು ಬೇರೆ ವಿಷಯ, ಆದರೆ ದಿನದ ಕೆಲಸದ್ದು. ಎರಡನೇ ಕ್ರಿಯೆ ತನ್ನ ಸ್ವಂತ ಅರ್ಥ ಬಿಟ್ಟಿದ್ದರೆ ಕೂಡಿಸಿ ಹೊಡೆಯಿರಿ. ‘ಮಂಜೂರು ಮಾಡಿಕೊಡಬೇಕು’ ಅನ್ನುವಾಗ ಸಾಹೇಬರು ಕೈಯಲ್ಲಿ ಏನನ್ನೂ ಕೊಡುವುದಿಲ್ಲ, ನಮ್ಮ ಸಲುವಾಗಿ ಮಾಡುತ್ತಾರೆ, ಅದಕ್ಕೆ ಕೂಡಿಸಿ. ‘ದಾಖಲೆ ಝೆರಾಕ್ಸ್ ಮಾಡಿ ಕೊಡಬೇಕು’ ಅನ್ನುವಾಗ ಮಾಡುವುದೂ ಉಂಟು, ಕೈಗೆ ಕೊಡುವುದೂ ಉಂಟು, ಬಿಡಿಸಿ.

ಯಾದಗಿರಿ:

ತಿಳೀತ್ರಿ ಸರ್. ಆದ್ರ ಕಚೇರಿಯವರು ಎರಡೂ ಕೂಡಿಸೇ ಹೊಡಿ ಅಂತಾರ, ಹಂಗೇ ಹೊಡೀತೀನಿ.

ಬೀದರ:

ಕೊನೀಗೆ ಒಂದು ಕೇಳ್ತೀನಿ, ಆಳಂದದ ಸರ್ರ ಉತ್ತರ ಬೇಕು. ಮನಿಗೆ ಬಂದವರಿಗೆ ‘ಬಾ ಕುಂದ್ರು’ ಅಂತೀವಿ. ಹುಡುಗರಿಗೆ ‘ಹೋಗ್ ನೋಡು’ ಅಂತೀವಿ. ‘ಬಂದು ಕುಂದ್ರು’ ಅಂತ ಅನ್ನಂಗಿಲ್ಲ. ಎರಡೂ ಪೂರ್ಣಕ್ರಿಯೆ, ನಡುವೆ ‘ದು’ ಇಲ್ಲ, ‘ಇ’ ಇಲ್ಲ, ಒಂದೇ ಉಸುರು. ಇದಕ್ಕೇನಂತೀರಿ?

ಆಳಂದ:

ಇಲ್ಲಿ ನಾನು ಗಟ್ಟಿಯಾಗಿ ಹೇಳಲಾರೆ. ‘ಬಾ, ಕುಂದ್ರು’ ಎಂಬ ಎರಡು ಅಪ್ಪಣೆಗಳು ಅವಸರದಲ್ಲಿ ಅಂಟಿಕೊಂಡಿವೆ ಅಂತ ನೋಡುವ ದಾರಿ ಒಂದು. ಅದಕ್ಕೆ ಆಧಾರವೂ ಇದೆ: ಭೂತಕಾಲಕ್ಕೆ ತಂದರೆ ‘ಬಂದ ಕುಂತ’ ಎಂಬುದು ಒಂದು ಕೆಲಸ ಆಗದೆ ಎರಡಾಗಿ ಒಡೆಯುತ್ತದೆ, ‘ಬ್ಯಾಡ’ ಹಾಕಿದರೆ ‘ಬರಬ್ಯಾಡ ಕುಂದ್ರಬ್ಯಾಡ’ ಅಂತ ಎರಡು ಬೇರೆ ಮಾತಾಗುತ್ತದೆ. ಆದರೆ ಹೊರಗೆ ಹೊರಟ ಮಗನಿಗೆ ‘ಹೋಗ್ ನೋಡು’ ಅಂದಾಗ ಅದರಲ್ಲಿ ಎರಡು ಅಪ್ಪಣೆ ಇವೆ ಅಂತ ನನ್ನ ಕಿವಿಯೂ ಒಪ್ಪುವುದಿಲ್ಲ. ವಿಧ್ಯರ್ಥದಲ್ಲಿ ಮಾತ್ರ ಕಾಣಿಸಿಕೊಳ್ಳುವ ಸರಣಿ ಅಂತ ಒಪ್ಪಿದರೆ ಕನ್ನಡದಲ್ಲೂ ಇದೆ ಅಂದಂತಾಗುತ್ತದೆ. ಬೀದರ, ಯಾದಗಿರಿ ಕಡೆ ಇಂಥವು ಇನ್ನೂ ಯಾವ ಯಾವ ಜೋಡಿಯಲ್ಲಿ ಬರುತ್ತವೆ, ‘ತಗೋ ಉಣ್ಣು’ ಅನ್ನುವುದು ಒಂದೇ ಉಸಿರಿನಲ್ಲಿ ಬರುತ್ತದೋ ಇಲ್ಲವೋ, ಕೇಳಿದವರು ಬರೆಯಿರಿ.

ಸೇಡಂ:

‘ತಗೋ ಉಣ್ಣು’ ನಮ್ಮ ಮನೆಯಲ್ಲಿ ಇದೆ, ಒಂದೇ ಉಸಿರು. ಅಂದ ಹಾಗೆ ‘ಸರಣಿ’ಯೂ ಸಂಸ್ಕೃತವೇ.